‘ಲೈಟ್’ ಕೇಳಿದರೆ ಸಾಲದು

ಬಣ್ಣದ ಅಂಗಡಿಗೆ ಹೋದರೆ ಮೊದಲು ಕೇಳುವುದೇ ‘ಯಾವ ಶೇಡ್ ಬೇಕು?’ ಎಂದು. ನಮ್ಮಲ್ಲಿ ಶೇಡ್ ಎಂದರೆ ಬಣ್ಣ, ಅಷ್ಟೇ. ಬಣ್ಣದ ಶಾಸ್ತ್ರದಲ್ಲಿ ಮಾತ್ರ ಈ ಪದಕ್ಕೆ ಖಚಿತವಾದ ಅರ್ಥವಿದೆ: ಕಪ್ಪು ಬೆರೆತ ಬಣ್ಣ. ಬಿಳಿ ಬೆರೆತರೆ ಅದು ಟಿಂಟ್. ಕೆಂಪಿಗೆ ಬಿಳಿ ಸೇರಿ ಗುಲಾಬಿಯಾದರೆ ಟಿಂಟ್, ಕಪ್ಪು ಸೇರಿ ಮರೂನ್ ಆದರೆ ಶೇಡ್. ಹಳದಿಗೆ ಕಪ್ಪು ಹಾಕಿದರೆ ಅದು ಹಸಿರಿನತ್ತ ತಿರುಗಿ ಪಾಚಿಯಂತೆ ಕಾಣುವುದೂ ಉಂಟು.

ಸ್ಯಾಚುರೇಶನ್ ಎಂದರೆ ಬಣ್ಣದ ಕಡುಪು. ಮಳೆಯಲ್ಲಿ ತೊಳೆದ ಎಲೆಯನ್ನೂ ರಸ್ತೆ ಬದಿಯಲ್ಲಿ ಧೂಳು ಕೂತ ಎಲೆಯನ್ನೂ ನೆನೆಯಿರಿ. ಎರಡೂ ಹಸಿರೇ. ಧೂಳಿನ ಎಲೆಯಲ್ಲಿ ಹಸಿರಿನ ಕಡುಪು ತಗ್ಗಿದೆ. ಬಣ್ಣಕ್ಕೆ ಬೂದು ಬೆರೆಸಿದಾಗ ಆಗುವುದೂ ಇದೇ.

ಕಾರ್ಡಿನ ಹೆಸರುಗಳಲ್ಲಿ ಇದರ ಸುಳಿವು ಸಿಗುತ್ತದೆ. ‘ಪೇಲ್’, ‘ಮಿಲ್ಕ್’, ‘ಬ್ಲಶ್’ ಇದ್ದರೆ ಸಾಮಾನ್ಯವಾಗಿ ಬಿಳಿ ಹೆಚ್ಚು. ‘ಡೀಪ್’, ‘ಮಿಡ್‌ನೈಟ್’ ಇದ್ದರೆ ಕಪ್ಪಿನ ಕಡೆಗೆ. ‘ಡಸ್ಟಿ’, ‘ಸ್ಮೋಕಿ’, ‘ಮ್ಯೂಟೆಡ್’ ಇದ್ದರೆ ಬೂದು ಬೆರೆತಿದೆ. ‘ವಿವಿಡ್’, ‘ಬ್ರೈಟ್’ ಇದ್ದರೆ ಕಡುಪು ಜಾಸ್ತಿ. ಹೆಸರಿಡಲು ನಿಯಮವೇನೂ ಇಲ್ಲ. ಹಾಗಾಗಿ ಬಣ್ಣ ಕೊಳ್ಳುವಾಗ ಹೆಸರಿಗಿಂತ ಕಾರ್ಡಿನ ಕೋಡ್ ಸಂಖ್ಯೆಯನ್ನೇ ಹೇಳಬೇಕು.

ಎಡವುವುದು ಎಲ್ಲಿ? ಮಲಗುವ ಕೋಣೆಗೆಂದು ಕಾರ್ಡಿನಲ್ಲಿ ತಿಳಿ ಗಿಳಿಹಸಿರನ್ನು ಆರಿಸಿದಿರಿ ಎನ್ನೋಣ. ಬೆರಳಗಲದ ಚೌಕದಲ್ಲಿ ಅದು ತಣ್ಣಗೆ ಕಾಣುತ್ತದೆ. ನಾಲ್ಕೂ ಗೋಡೆಗೆ ಬಳಿದ ಮೇಲೆ ಒಂದು ಗೋಡೆಯ ಹಸಿರು ಬೆಳಕು ಎದುರಿನದರ ಮೇಲೆ ಬಿದ್ದು, ಅಲ್ಲಿಂದ ಮರಳಿ ಬಂದು ಹಸಿರು ಇಮ್ಮಡಿಸಿದಂತಾಗುತ್ತದೆ. ಕಣ್ಣಿಗೆ ರಾಚುತ್ತದೆ. ಆಗ ನಾವು ‘ಇನ್ನೂ ಸ್ವಲ್ಪ ಲೈಟ್ ಮಾಡಿ’ ಎನ್ನುತ್ತೇವೆ. ಅಂಗಡಿಯವರು ಬಿಳಿ ಹೆಚ್ಚಿಸಿ ಕೊಡುತ್ತಾರೆ. ಗೋಡೆ ತಿಳಿಯಾಗುತ್ತದೆ, ಆದರೆ ಪೆಪ್ಪರಮೆಂಟಿನ ಕಳೆ ಪೂರ್ತಿ ಹೋಗುವುದಿಲ್ಲ. ಅಲ್ಲಿ ಬೇಕಿದ್ದದ್ದು ಬಿಳಿಯಲ್ಲ, ಬೂದು. ಅಷ್ಟೇ ತಿಳಿಯಾಗಿದ್ದು, ಬೂದು ಬೆರೆತ ಇನ್ನೊಂದು ಹಸಿರನ್ನು ಆರಿಸಿದ್ದರೆ ಕೋಣೆ ತಣ್ಣಗಿರುತ್ತಿತ್ತು.

ಈ ವ್ಯತ್ಯಾಸ ಅಂಗಡಿಯಲ್ಲೇ ಪತ್ತೆಯಾಗುತ್ತದೆ. ಎರಡು ಹಸಿರು ಚೌಕಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡೂ ಸುಮಾರಾಗಿ ಒಂದೇ ಬೂದಾಗಿ ಕಂಡರೆ ಅವುಗಳ ತಿಳಿತನ ಒಂದೇ. ಕಣ್ಣಿಗೆ ಕಾಣುವ ಭೇದ ಕಡುಪಿನದು. ಬೂದು ಬೆರೆತಿದೆಯೋ ಇಲ್ಲವೋ ತಿಳಿಯದಿದ್ದರೆ ಚೌಕವನ್ನು ಅದೇ ಬಣ್ಣದ ಅತಿ ಢಾಳಾದ ಚೌಕದ ಪಕ್ಕ ಹಿಡಿಯಿರಿ. ಬೂದಿದ್ದರೆ ತಟ್ಟನೆ ಮಂಕಾಗಿ ಕಾಣುತ್ತದೆ.

ಕೊನೆಯ ತೀರ್ಮಾನವನ್ನು ಮಾತ್ರ ಕಾರ್ಡಿನ ಮೇಲೆ ಮಾಡಬೇಡಿ. ಚಿಕ್ಕ ಡಬ್ಬಿ ತಂದು, ಎರಡಡಿ ಅಗಲದ ದಪ್ಪ ರಟ್ಟಿಗೆ ಎರಡು ಕೋಟ್ ಬಳಿದು, ಒಣಗಿದ ಮೇಲೆ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ. ಹಗಲಿನಲ್ಲೊಮ್ಮೆ, ರಾತ್ರಿ ದೀಪ ಹಾಕಿ ಇನ್ನೊಮ್ಮೆ ನೋಡಿ. ಆಮೇಲೂ ರಾಚಿದರೆ ಅಂಗಡಿಯಲ್ಲಿ ‘ಲೈಟ್ ಮಾಡಿ’ ಎನ್ನಬೇಡಿ, ‘ಬೂದು ಸೇರಿದ್ದು ತೋರಿಸಿ’ ಎನ್ನಿ.