ಪ್ರಯೋಗ ಎಲ್ಲಿ ನಿಲ್ಲಬೇಕು?

ಕೈಬರಹದ ಕನ್ನಡ ಅಂಕಿಗಳನ್ನು ಕಂಪ್ಯೂಟರ್‌ಗೆ ಗುರುತಿಸಲು ಕಲಿಸಬೇಕೆನ್ನುವವರಿಗೆ 2019ರಲ್ಲಿ ಹೊರಬಂದ ಕನ್ನಡ-ಎಂನಿಸ್ಟ್ ಎಂಬ ಚಿತ್ರಸಂಗ್ರಹ ಮುಕ್ತವಾಗಿ ಸಿಗುತ್ತದೆ. ಅದರಲ್ಲಿ ಕಲಿಕೆಗೆ 60,000, ಪರೀಕ್ಷೆಗೆ 10,000 ಪುಟ್ಟ ಚಿತ್ರಗಳಿವೆ. ಸುಲಭದ ಕೆಲಸವೆಂದು ಕಂಡರೂ ೩ ಮತ್ತು ೭, ೬ ಮತ್ತು ೯ ಅವಸರದ ಬರವಣಿಗೆಯಲ್ಲಿ ಒಂದರಂತೆ ಇನ್ನೊಂದು ಕಾಣುತ್ತವೆ. ಹಾಗಾಗಿ ಮಾದರಿಯನ್ನು ಚುರುಕುಗೊಳಿಸಲು ಒಂದಾದಮೇಲೊಂದು ಉಪಾಯ ಹೊಳೆಯುತ್ತದೆ. ಚಿತ್ರಗಳನ್ನು ಸ್ವಲ್ಪ ಓರೆ ಮಾಡಿ ಕಲಿಸಿದರೆ? ಇನ್ನೊಂದು ಪದರ ಸೇರಿಸಿದರೆ? ಕಲಿಕೆಯ ವೇಗ ತಗ್ಗಿಸಿದರೆ? ವಾರ ಕಳೆಯುವಷ್ಟರಲ್ಲಿ ಕಂಪ್ಯೂಟರ್ ತುಂಬ ಕಡತಗಳಿರುತ್ತವೆ. ಯಾವುದು ಏನನ್ನು ಸಾಬೀತು ಮಾಡಿತು ಎಂದು ಹೇಳಲು ಯಾರಿಗೂ ಆಗದು.

ಇದಕ್ಕೆ ಪರಿಹಾರ, ಪ್ರತಿ ಪ್ರಯೋಗವನ್ನೂ ಒಂದು ಕೆಲಸದ ಚೀಟಿಯಾಗಿ ಬರೆಯುವುದು. ಚೀಟಿಯನ್ನು ಓಡಿಸುವ ಮೊದಲೇ ಬರೆಯಬೇಕು ಎಂಬುದೇ ಇಲ್ಲಿ ಮುಖ್ಯ. ಓರೆ ಮಾಡುವ ಉಪಾಯವನ್ನೇ ತೆಗೆದುಕೊಳ್ಳೋಣ. ಪ್ರಶ್ನೆ: ಕಲಿಕೆಯ ಚಿತ್ರಗಳನ್ನು ಎಡಕ್ಕೋ ಬಲಕ್ಕೋ 15 ಡಿಗ್ರಿಯವರೆಗೆ ತಿರುಗಿಸಿದರೆ ನಿಖರತೆ ಹೆಚ್ಚುತ್ತದೆಯೇ? ಬೇರೇನೂ ಬದಲಾಗಬಾರದು. ಅಳತೆ, ಕಲಿಕೆಯ 60,000ದಿಂದ ಮೊದಲೇ ಪಕ್ಕಕ್ಕೆ ತೆಗೆದಿಟ್ಟ 10,000 ಚಿತ್ರಗಳ ಮೇಲೆ. ಪರೀಕ್ಷೆಯ ಚಿತ್ರಗಳನ್ನು ಈಗ ಮುಟ್ಟುವಂತಿಲ್ಲ. ಅವುಗಳನ್ನು ನೋಡಿ ನೋಡಿ ಆಯ್ಕೆ ಮಾಡುತ್ತಾ ಹೋದರೆ, ಕೊನೆಗೆ ಗೆದ್ದ ಮಾದರಿಯ ಅಂಕ ಅದರ ನಿಜವಾದ ಯೋಗ್ಯತೆಗಿಂತ ಹೆಚ್ಚಾಗಿಯೇ ಕಾಣುತ್ತದೆ.

ನಿಲ್ಲುವ ನಿಯಮ ಎರಡು ಹಂತದಲ್ಲಿರುತ್ತದೆ. ಮೊದಲನೆಯದು ಒಂದು ಓಟಕ್ಕೆ ಸೇರಿದ್ದು. ಮಾದರಿ ಎಲ್ಲ ಚಿತ್ರಗಳನ್ನೂ ಒಮ್ಮೆ ನೋಡಿ ಮುಗಿಸಿದರೆ ಒಂದು ಸುತ್ತು. ಪಕ್ಕಕ್ಕಿಟ್ಟ ಚಿತ್ರಗಳ ಮೇಲಿನ ತಪ್ಪು 5 ಸುತ್ತುಗಳವರೆಗೂ ಇಳಿಯದಿದ್ದರೆ ನಿಲ್ಲಿಸಿ ಅತ್ಯುತ್ತಮ ಸುತ್ತಿನ ಮಾದರಿಯನ್ನು ಉಳಿಸಿಕೊಳ್ಳಬೇಕು. ಏನೇ ಆದರೂ 40 ಸುತ್ತು ಮೀರಬಾರದು. ತಪ್ಪಿನ ಲೆಕ್ಕ ಸಂಖ್ಯೆಯೇ ಅಲ್ಲದ `NaN` ಆಗಿಬಿಟ್ಟರೆ ತಕ್ಷಣ ನಿಲುಗಡೆ. ಕಲಿಕೆಯ ವೇಗ ಅತಿಯಾದಾಗ ಹೀಗಾಗುವುದು ಸಾಮಾನ್ಯ.

ಎರಡನೆಯದು ಇಡೀ ಪ್ರಶ್ನೆಗೆ ಸೇರಿದ್ದು, ಜನ ಮರೆಯುವುದೂ ಇದನ್ನೇ. ಮಾದರಿಯ ಆರಂಭದ ಸಂಖ್ಯೆಗಳು ಯಾದೃಚ್ಛಿಕ. ಅವನ್ನು ಹುಟ್ಟಿಸುವ ಸೀಡ್ ಬದಲಾದರೆ ಅಂಕವೂ ಅಲುಗಾಡುತ್ತದೆ. ಅದಲ್ಲದೆ 10,000 ಚಿತ್ರಗಳ ಮೇಲೆ ಶೇ. 98ರಷ್ಟು ನಿಖರತೆ ಬಂದರೆ, ಆ ಅಳತೆಯಲ್ಲೇ ಸುಮಾರು ಶೇ. 0.14ರಷ್ಟು ಅನಿಶ್ಚಿತತೆ ಇರುತ್ತದೆ. ಆದ್ದರಿಂದ ಚೀಟಿ ಹೀಗೆ ಹೇಳಲಿ: ಎರಡೂ ವಿಧಾನಗಳನ್ನು ಅದೇ 3 ಸೀಡ್‌ಗಳಲ್ಲಿ ಓಡಿಸುವುದು, ಸರಾಸರಿಯಲ್ಲಿ ಕನಿಷ್ಠ 0.2 ಅಂಶ ಏರಿದರೆ ಉಪಾಯವನ್ನು ಒಪ್ಪುವುದು. ಇಲ್ಲದಿದ್ದರೆ ಚೀಟಿ ಮುಚ್ಚುವುದು.

ಫಲಿತಾಂಶ ಹೀಗೆ ಬಂತೆಂದುಕೊಳ್ಳಿ. ಓರೆ ಮಾಡದೆ 98.21, 98.34, 98.27. ಓರೆ ಮಾಡಿದಾಗ 98.40, 98.22, 98.35. ಸರಾಸರಿಗಳ ಅಂತರ ಬರೀ 0.05. ಚೀಟಿ ಇಲ್ಲದವನು ಮೊದಲ ಜೋಡಿಯನ್ನಷ್ಟೇ ನೋಡಿ, 0.19 ಏರಿತೆಂದು ಅಲ್ಲೇ ಓಟ ನಿಲ್ಲಿಸಿ ಸಂಭ್ರಮಿಸುತ್ತಿದ್ದ. ಅವನು ಸುಳ್ಳು ಹೇಳುತ್ತಿಲ್ಲ. ಮನಸ್ಸಿಗೆ ಒಪ್ಪುವ ಸಂಖ್ಯೆ ಕಂಡ ಕಡೆ ನಿಂತಿದ್ದಾನೆ, ಅಷ್ಟೇ. ಎರಡನೇ ಜೋಡಿಯಲ್ಲಿ ಅದೇ ಉಪಾಯ ಸೋತಿದೆ.

ಈಗ ದಾಖಲಿಸುವುದು. ಆರು ಅಂಕಗಳೂ, ಸೀಡ್‌ಗಳೂ, ಕೋಡ್‌ನ ಯಾವ ಆವೃತ್ತಿ, ದತ್ತಾಂಶದ ಯಾವ ಹಂಚಿಕೆ ಎಂಬುದೂ, ಕೊನೆಗೆ ಒಂದು ವಾಕ್ಯದ ತೀರ್ಮಾನವೂ ಬರಬೇಕು: ‘ನಿಗದಿತ ಏರಿಕೆ ಕಾಣಲಿಲ್ಲ, ಕೈಬಿಟ್ಟಿದ್ದೇವೆ.’ ಎಂಎಲ್‌ಫ್ಲೋದಂಥ ತಂತ್ರಾಂಶ ಅಂಕಗಳನ್ನು ತಾನೇ ಬರೆದಿಡುತ್ತದೆ, ಆದರೆ ಈ ವಾಕ್ಯವನ್ನು ಮನುಷ್ಯರೇ ಬರೆಯಬೇಕು. ನನ್ನ ಮಟ್ಟಿಗೆ ಗೆದ್ದ ಚೀಟಿಗಿಂತ ಇಂಥ ಚೀಟಿಯ ಬೆಲೆ ಹೆಚ್ಚು, ಏಕೆಂದರೆ ಗೆದ್ದದ್ದು ಕೋಡ್‌ನಲ್ಲಿ ಉಳಿಯುತ್ತದೆ. ಸೋತದ್ದಕ್ಕೆ ಚೀಟಿ ಬಿಟ್ಟು ಬೇರೆ ಗುರುತಿಲ್ಲ.

ಸೋಲಿನಲ್ಲೂ ಭೇದವಿದೆ. ಮೆಮೊರಿ ಸಾಲದೆ ಓಟ ಸತ್ತರೆ ಉಪಾಯ ಸೋತಿತೆಂದಲ್ಲ, ಪ್ರಶ್ನೆಗೆ ಉತ್ತರವೇ ಸಿಕ್ಕಿಲ್ಲ. ಮೆಟಾ ಸಂಸ್ಥೆ 2022ರಲ್ಲಿ ಓಪಿಟಿ-175ಬಿ ಎಂಬ ಭಾಷಾ ಮಾದರಿಯ ಜೊತೆಗೆ ಅದರ ಕಲಿಕೆಯ ದಿನಚರಿಯನ್ನೂ ಬಹಿರಂಗಪಡಿಸಿತು. ಸುಮಾರು ಎರಡು ತಿಂಗಳ ಓಟದಲ್ಲಿ ಯಂತ್ರಗಳು ಕೆಟ್ಟ ಕಾರಣಕ್ಕೇ ಕನಿಷ್ಠ 35 ಬಾರಿ ಕೈಯಾರೆ ಮರುಪ್ರಾರಂಭಿಸಬೇಕಾಯಿತು. ಕಲಿಕೆಯೇ ಹದ ತಪ್ಪಿದ್ದು ಬೇರೆ ಬಗೆಯ ತೊಂದರೆ. ಆಗ ತಂಡದವರು ಕಲಿಕೆಯ ವೇಗ ತಗ್ಗಿಸಿ, ಹಿಂದೆ ಉಳಿಸಿಟ್ಟ ಹಂತದಿಂದ ಮತ್ತೆ ಓಡಿಸಿದರು. ಇವೆರಡನ್ನೂ ‘ನಿಂತಿತು’ ಎಂಬ ಒಂದೇ ಪದದಲ್ಲಿ ಬರೆದಿದ್ದರೆ ಯಾವುದಕ್ಕೆ ಯಂತ್ರ ಬದಲಿಸಬೇಕು, ಯಾವುದಕ್ಕೆ ವೇಗ ತಗ್ಗಿಸಬೇಕು ಎಂದು ತಿಳಿಯುತ್ತಿರಲಿಲ್ಲ.

ನಮ್ಮ ಅಂಕಿಗಳಿಗೆ ಬಂದರೆ, ಒಂದು ಆಸೆ ಉಳಿಯುತ್ತದೆ. ಕನ್ನಡ-ಎಂನಿಸ್ಟ್ ಜೊತೆಗೇ ಡಿಗ್-ಎಂನಿಸ್ಟ್ ಎಂಬ 10,240 ಚಿತ್ರಗಳ ಇನ್ನೊಂದು ಸಂಗ್ರಹವಿದೆ. ಅಲ್ಲಿನ ಅಂಕಿಗಳನ್ನು ಬರೆದವರು ಹೆಚ್ಚಾಗಿ ಕನ್ನಡ ಲಿಪಿಯ ರೂಢಿಯಿಲ್ಲದವರು. ಅದು ಹೆಚ್ಚು ಕಷ್ಟದ ಪರೀಕ್ಷೆ. ಓರೆ ಮಾಡುವ ಉಪಾಯ ಅಲ್ಲಿ ಫಲ ಕೊಡಬಹುದೇನೋ. ಕೊಡಬಹುದು, ಆದರೆ ಮುಚ್ಚಿದ ಚೀಟಿಯಲ್ಲಿ ಅಳತೆಯನ್ನು ತಿದ್ದಿ ಅದನ್ನು ಗೆಲುವಾಗಿಸುವಂತಿಲ್ಲ. ಡಿಗ್-ಎಂನಿಸ್ಟ್‌ನ ಅರ್ಧ ಚಿತ್ರಗಳನ್ನು ಎತ್ತಿಟ್ಟು, ಉಳಿದರ್ಧದ ಮೇಲೆ ಎಷ್ಟು ಏರಿದರೆ ಒಪ್ಪುವುದೆಂದು ಈಗಲೇ ನಿಗದಿ ಮಾಡಿ, ಹೊಸ ಚೀಟಿ ಬರೆಯಬೇಕು.