ಉಣ್ಣಿ, ಚಿಗಟ: ಹನಿಯೋ, ಮಾತ್ರೆಯೋ, ಪಟ್ಟಿಯೋ?

ಮನೆಯಲ್ಲಿ ಉಣ್ಣಿ ಅಥವಾ ಚಿಗಟ ಸೇರಿಕೊಂಡಾಗ ನಾಯಿಯ ಮೈಮೇಲೆ ಕಾಣುವುದು ಅವುಗಳ ಸಂತತಿಯ ಸಣ್ಣ ಪಾಲು ಮಾತ್ರ. ಉಳಿದದ್ದೆಲ್ಲ ಗೋಡೆಯ ಬಿರುಕು, ಬಾಗಿಲಿನ ಚೌಕಟ್ಟಿನ ಸಂದು ಮತ್ತು ನಾಯಿ ಮಲಗುವ ಗೋಣಿಚೀಲದ ಮಡಿಕೆಗಳಲ್ಲಿ ಅಡಗಿರುತ್ತದೆ. ಔಷಧ ಯಾವುದೇ ಆಗಲಿ, ಈ ಪಾಲನ್ನು ಮರೆತರೆ ತಿಂಗಳೊಳಗೆ ಮತ್ತೆ ಅದೇ ಕಥೆ.

ನಮ್ಮ ಮನೆಗಳಲ್ಲಿ ನಾಯಿಗೆ ಹತ್ತುವುದು ಹೆಚ್ಚಾಗಿ ಕಂದು ಉಣ್ಣಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಕಾಡಿನ ಉಣ್ಣಿ ಬೇರೆ ಜಾತಿಯದು. ಕಂದು ಉಣ್ಣಿಗೆ ಕಾಡು ಬೇಕಿಲ್ಲ, ಮನೆಯೊಳಗೇ ಅದರ ಇಡೀ ಜೀವನಚಕ್ರ ಮುಗಿಯುತ್ತದೆ. ರಕ್ತ ಕುಡಿದು ಹುರುಳಿಕಾಳಿನಂತೆ ಊದಿದ ಹೆಣ್ಣು ಉಣ್ಣಿ ಕೆಳಗೆ ಉದುರಿ, ಗೋಡೆ ಹತ್ತಿ, ಸಂದು ಹುಡುಕಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ಬೆಳೆಯುವ ಪ್ರತಿ ಹಂತದಲ್ಲೂ ಒಮ್ಮೆ ನಾಯಿಯ ಮೇಲೆ ಹತ್ತಿ, ರಕ್ತ ಕುಡಿದು, ಮತ್ತೆ ಇಳಿದು ಹೋಗುತ್ತವೆ. ಬೆಳೆದ ಉಣ್ಣಿ ಏನೂ ತಿನ್ನದೆ ತಿಂಗಳುಗಟ್ಟಲೆ ಕಾದು ಕುಳಿತಿರಬಲ್ಲದು.

ಚಿಗಟದ ರೀತಿ ಬೇರೆ. ಬೆಳೆದ ಚಿಗಟ ನಾಯಿಯ ಮೈ ಬಿಟ್ಟು ಸುಲಭಕ್ಕೆ ಇಳಿಯುವುದಿಲ್ಲ, ಆದರೆ ದಿನಕ್ಕೆ ನಲವತ್ತು ಐವತ್ತರಂತೆ ಅದು ಇಡುವ ಮೊಟ್ಟೆಗಳು ನೆಲಕ್ಕೆ ಉದುರುತ್ತವೆ. ಅದು ಇರುವುದನ್ನು ಪತ್ತೆಹಚ್ಚಲು ನಾಯಿಯ ಕೂದಲನ್ನು ಬಿಳಿ ಕಾಗದದ ಮೇಲೆ ಬಾಚಿದರೆ ಸಾಕು. ಉದುರಿದ ಕಪ್ಪು ಪುಡಿಯ ಮೇಲೆ ನೀರು ಚಿಮುಕಿಸಿದಾಗ ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಜೀರ್ಣವಾದ ರಕ್ತ, ಅಂದರೆ ಚಿಗಟದ ಹಿಕ್ಕೆ.

ಮೂರು ಬಗೆಯ ಔಷಧಗಳಲ್ಲಿ ಹಳೆಯ ಪರಿಚಯ ಬೆನ್ನಿಗೆ ಹಾಕುವ ಹನಿಯದು. ಫಿಪ್ರೊನಿಲ್ ಇರುವ ಹನಿಗಳು ಚರ್ಮದ ಎಣ್ಣೆಯಂಶದೊಂದಿಗೆ ಬೆರೆತು ಒಂದೆರಡು ದಿನಗಳಲ್ಲಿ ಮೈಯೆಲ್ಲ ಹರಡುತ್ತವೆ. ಇದು ವಿಫಲವಾಗುವುದು ಬಹುತೇಕ ಹಾಕುವ ವಿಧಾನದಿಂದಲೇ. ಹೆಗಲ ಮೂಳೆಗಳ ನಡುವೆ ಕೂದಲನ್ನು ಬಿಡಿಸಿ ಚರ್ಮಕ್ಕೇ ತಾಗುವಂತೆ ಹನಿ ಹಾಕಬೇಕು, ಕೂದಲಿನ ಮೇಲೆ ಬಿದ್ದದ್ದು ದಂಡ. ಸ್ನಾನ ಮಾಡಿಸಿದ ಕೂಡಲೇ ಹಾಕಿದರೆ ಹರಡಲು ಎಣ್ಣೆಯೇ ಇರುವುದಿಲ್ಲ, ಆದ್ದರಿಂದ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಬೇಡ. ಉಣ್ಣಿಯ ವಿರುದ್ಧ ಇದರ ಬಲ ಸುಮಾರು ನಾಲ್ಕು ವಾರ. ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆಯುವ ಮನೆಗಳಿಗೆ ಹನಿ ಒಗ್ಗುವುದಿಲ್ಲ. ದೊಡ್ಡ ನಾಯಿಯ ಹನಿಯನ್ನು ಎರಡು ಪುಟ್ಟ ನಾಯಿಗಳಿಗೆ ಹಂಚುವ ಉಳಿತಾಯವೂ ಸಲ್ಲದು, ಯಾವುದಕ್ಕೆ ಎಷ್ಟು ಬಿತ್ತೆಂದು ಯಾರಿಗೂ ತಿಳಿಯದು.

ಜಗಿಯುವ ಮಾತ್ರೆಗಳು ಬಂದದ್ದು 2013ರ ನಂತರ. ಅಫಾಕ್ಸೊಲನರ್, ಸರೊಲನರ್ ಇರುವವನ್ನು ತಿಂಗಳಿಗೊಮ್ಮೆ ಕೊಡಬೇಕು. ಫ್ಲುರಲನರ್ ಒಂದು ಮಾತ್ರೆ ಸುಮಾರು 12 ವಾರ ಕೆಲಸ ಮಾಡುತ್ತದೆ, ಅದನ್ನು ಊಟದ ಜೊತೆಗೇ ಕೊಡಬೇಕು. ಔಷಧ ರಕ್ತದಲ್ಲಿರುವುದರಿಂದ ಸ್ನಾನ, ಮಳೆ, ಈಜು ಯಾವುದೂ ಅಡ್ಡಿಯಲ್ಲ. ಮುಟ್ಟಿದ ಮಗುವಿನ ಕೈಗೆ ಏನೂ ಅಂಟುವುದಿಲ್ಲ. ಆದರೆ ಉಣ್ಣಿ ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುವುದು. ಹಾಗಾಗಿ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣಿ ಕಂಡು ಜನ ಔಷಧ ಸೋತಿತೆಂದುಕೊಳ್ಳುತ್ತಾರೆ. ನೋಡಬೇಕಾದದ್ದು ಗಾತ್ರ. ಚಪ್ಪಟೆಯಾಗಿ ಒಣಗಿದ ಸಣ್ಣ ಉಣ್ಣಿ ಸಿಕ್ಕರೆ ಔಷಧ ಕೆಲಸ ಮಾಡುತ್ತಿದೆ. ಕೊಟ್ಟು ಮೂರ್ನಾಲ್ಕು ದಿನಗಳಾದ ಮೇಲೂ ಊದಿದ ಉಣ್ಣಿಗಳು ಸಿಗುತ್ತಿದ್ದರೆ ತೂಕಕ್ಕೆ ತಕ್ಕ ಮಾತ್ರೆಯೇ ಹೊಟ್ಟೆಗೆ ಹೋಯಿತೇ, ನಾಯಿ ವಾಂತಿ ಮಾಡಿಕೊಂಡಿತೇ ಎಂದು ವಿಚಾರಿಸಬೇಕು. ಈ ಗುಂಪಿನ ಔಷಧಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಸೆಳೆತ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಮೊದಲೇ ಮೂರ್ಛೆ ರೋಗವಿರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಕತ್ತಿನ ಪಟ್ಟಿಯ ಗುಣ ಇದಕ್ಕೆ ವಿರುದ್ಧ. ಡೆಲ್ಟಾಮೆಥ್ರಿನ್ ಅಥವಾ ಫ್ಲುಮೆಥ್ರಿನ್ ಇರುವ ಪಟ್ಟಿಗಳು ಉಣ್ಣಿಯನ್ನು ಕೊಲ್ಲುವುದರ ಜೊತೆಗೆ, ಎಷ್ಟೋ ಸಲ ಕಚ್ಚುವ ಮೊದಲೇ ದೂರವಿಡುತ್ತವೆ. ಉಣ್ಣಿಯಿಂದ ಬರುವ ಎರ್ಲಿಕಿಯಾ ರೋಗಾಣು ಕಚ್ಚಿದ ಕೆಲವೇ ಗಂಟೆಗಳಲ್ಲಿ ದಾಟಬಲ್ಲದಾದ್ದರಿಂದ ಈ ಗುಣಕ್ಕೆ ಬೆಲೆಯಿದೆ. ಒಳ್ಳೆಯ ಪಟ್ಟಿ ಆರರಿಂದ ಎಂಟು ತಿಂಗಳು ಬರುತ್ತದೆ. ಚರ್ಮಕ್ಕೆ ತಾಗಿದಂತಿರಬೇಕು, ಆದರೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಅಲಂಕಾರದ ಪಟ್ಟಿಯಂತೆ ಜೋತು ಬಿದ್ದರೆ ಪ್ರಯೋಜನವಿಲ್ಲ. ಸಂತೆಯಲ್ಲಿ ಸಿಗುವ, ಯಾವ ಔಷಧವಿದೆಯೆಂದೇ ಬರೆಯದ ಪಟ್ಟಿಗೆ ಕೊಟ್ಟ ಹಣ ಹೋದಂತೆಯೇ.

ಬೆಕ್ಕಿರುವ ಮನೆಯಲ್ಲಿ ಲೆಕ್ಕವೇ ಬದಲಾಗುತ್ತದೆ. ನಾಯಿಯ ಹನಿಗಳಲ್ಲಿ ಇರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಹನಿ ಹಾಕಿದ ನಾಯಿಯ ಪಕ್ಕ ಮಲಗಿ ಅದರ ಮೈ ನೆಕ್ಕಿದರೂ ನಡುಕ, ಸೆಳೆತ ಬರಬಹುದು. ದನಕ್ಕೆ ಸಿಂಪಡಿಸುವ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚುವುದು, ಸೀಮೆಎಣ್ಣೆ ಸವರುವುದು ಕೂಡ ಇಂಥದೇ ಅಪಾಯ.

ಉದಾಹರಣೆಗೆ, 18 ಕಿಲೋ ತೂಕದ ಒಂದು ನಾಯಿ, ಒಂದು ಬೆಕ್ಕು, ಹಿತ್ತಲಿನಲ್ಲಿ ಸೌದೆ ರಾಶಿ ಇರುವ ಮನೆಯನ್ನು ತೆಗೆದುಕೊಳ್ಳಬಹುದು. ಸಂಜೆಯಾದರೆ ಗೋಡೆಯ ಮೇಲೆ ಉಣ್ಣಿ ಹತ್ತುವುದು ಕಾಣುತ್ತದೆ. ಇಲ್ಲಿ ಮಾತ್ರೆಯೇ ಸರಿಯಾದ ಆಯ್ಕೆ, 10ರಿಂದ 20 ಕಿಲೋ ತೂಕದ ನಾಯಿಗೆ ಇರುವ 12 ವಾರದ ಫ್ಲುರಲನರ್ ಮಾತ್ರೆ. ಅದೇ ದಿನ ನಾಯಿಯ ಹಾಸಿಗೆಯನ್ನು ಕುದಿನೀರಿನಲ್ಲಿ ಒಗೆದು, ಹಳೆಯ ಗೋಣಿಯನ್ನು ಸುಟ್ಟು, ಸೌದೆಯನ್ನು ಗೋಡೆಯಿಂದ ದೂರ ಸರಿಸಬೇಕು. ಬಿರುಕುಗಳಿಗೆ ಸಿಮೆಂಟು ಮೆತ್ತುವುದು ಯಾವ ಸಿಂಪಡಣೆಗಿಂತಲೂ ಹೆಚ್ಚು ಕಾಲ ಬಾಳುತ್ತದೆ. ಸಿಂಪಡಿಸಲೇಬೇಕಾದರೆ ನೆಲದ ನಡುವಿಗಲ್ಲ, ಮೂಲೆ, ಚೌಕಟ್ಟು, ಸೂರಿನ ಸಂದುಗಳಿಗೆ. ಪೂರ್ತಿ ಒಣಗುವವರೆಗೆ ಬೆಕ್ಕು, ನಾಯಿ, ಮಕ್ಕಳು ಹೊರಗಿರಬೇಕು, ಮೀನಿನ ತೊಟ್ಟಿಯೂ ಆ ಕೋಣೆಯಲ್ಲಿರಬಾರದು. ಆಗ ಅಡಗಿದ್ದ ಮೊಟ್ಟೆಗಳು ಆಮೇಲೆ ಒಡೆಯುವುದರಿಂದ ಎರಡು ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು.

ಆಮೇಲೆ ನಾಯಿಯನ್ನು ಬೇರೆಡೆ ಕಳಿಸಬಾರದು. ಮಾತ್ರೆ ತಿಂದ ನಾಯಿ ಮನೆಯಲ್ಲೇ ಓಡಾಡಿದರೆ ಸಂದುಗಳಲ್ಲಿ ಹಸಿದು ಕಾದಿದ್ದ ಉಣ್ಣಿಗಳು ಅದರ ಮೇಲೆ ಹತ್ತಿ ಸಾಯುತ್ತವೆ. ನಾಯಿಯಿಲ್ಲದಿದ್ದರೆ ಅವು ಅಲ್ಲೇ ಕಾಯುತ್ತವೆ. ಇಂಥ ಮನೆ ಚೊಕ್ಕಟವಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಆದ್ದರಿಂದ 12ನೇ ವಾರಕ್ಕೆ ಎರಡನೇ ಮಾತ್ರೆ ತಪ್ಪಿಸುವಂತಿಲ್ಲ. ಚಿಗಟದ ಮನೆಯಲ್ಲೂ ಇದೇ ಕ್ರಮ. ಗೂಡಿನೊಳಗಿನ ಕೋಶಕ್ಕೆ ಯಾವ ಸಿಂಪಡಣೆಯೂ ತಟ್ಟದ ಕಾರಣ ಎರಡು ವಾರದ ನಂತರ ಹೊಸ ಚಿಗಟ ಕಂಡರೆ ಗಾಬರಿಯಾಗಬೇಕಿಲ್ಲ. ದಿನವೂ ಗುಡಿಸಿ, ಸಾಧ್ಯವಿದ್ದರೆ ವ್ಯಾಕ್ಯೂಮ್ ಹಾಕಿ ಧೂಳನ್ನು ಹೊರಗೆಸೆದರೆ, ಆ ಕದಲಿಕೆಗೆ ಅವು ಗೂಡಿನಿಂದ ಬೇಗ ಹೊರಬಂದು ಔಷಧವಿರುವ ನಾಯಿಯ ಮೈಯಲ್ಲೇ ಸಾಯುತ್ತವೆ.

ಕೈಗೆ ಸಿಕ್ಕ ಉಣ್ಣಿಯನ್ನು ಬೆರಳಲ್ಲಿ ಹಿಸುಕದೆ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಬೇಕು. ಉಣ್ಣಿ ಹತ್ತಿದ್ದ ನಾಯಿ ಊಟ ಬಿಟ್ಟು ಜ್ವರದಿಂದ ಮಂಕಾದರೆ, ಒಸಡು ಬಿಳಿಚಿದರೆ ಅಥವಾ ಮೂಗಿನಿಂದ ರಕ್ತ ಬಂದರೆ ಅಂದೇ ಪಶುವೈದ್ಯರ ಬಳಿ ಒಯ್ದು ರಕ್ತ ಪರೀಕ್ಷೆ ಮಾಡಿಸಿ. ಆಗ ಬೇಕಾಗಿರುವುದು ಉಣ್ಣಿಯ ಔಷಧವಲ್ಲ, ಅದು ಬಿಟ್ಟುಹೋದ ರೋಗಕ್ಕೆ ಚಿಕಿತ್ಸೆ.