ಹೊಸ ವಿಷಯವೋ, ಹೊಸ ಕಾಗದವೋ?

ವ್ಯವಹಾರದ ಪತ್ರವನ್ನು ಬರೆಯುವ ಕ್ರಮವನ್ನು ಪತ್ರಲೇಖನದ ಪಾಠದಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಬರೆದವರ ವಿಳಾಸ, ಪಡೆಯುವವರ ವಿಳಾಸ, ‘ಮಾನ್ಯರೇ’ ಎಂಬ ಸಂಬೋಧನೆ. ಅದರ ಕೆಳಗೆ ‘ವಿಷಯ’ ಎಂದೊಂದು ಸಾಲು, ‘ಉಲ್ಲೇಖ’ ಎಂದು ಮತ್ತೊಂದು ಸಾಲು. ಈ ಪತ್ರವು ಯಾವುದನ್ನು ಕುರಿತದ್ದು ಎಂಬುದನ್ನು ವಿಷಯದ ಸಾಲು ತಿಳಿಸುತ್ತದೆ. ಇದಕ್ಕೆ ಮೊದಲು ಬಂದ ಯಾವ ಪತ್ರಕ್ಕೆ ಇದು ಉತ್ತರವಾಗಿದೆ ಎಂಬುದನ್ನು ಉಲ್ಲೇಖದ ಸಾಲು ತಿಳಿಸುತ್ತದೆ. ಕಛೇರಿಯ ಗುಮಾಸ್ತರು ಪತ್ರವನ್ನು ಯಾವ ಕಡತಕ್ಕೆ ಸೇರಿಸಬೇಕೆಂಬುದನ್ನು ಈ ಎರಡು ಸಾಲುಗಳನ್ನು ನೋಡಿಯೇ ನಿಶ್ಚಯಿಸುತ್ತಾರೆ.

ನಾವು ಈಗ ದಿನವೂ ಬರೆಯುವ ಇ-ಮೇಲ್ ಕಾಗದದಲ್ಲಿಯೂ ಈ ಎರಡು ಸಾಲುಗಳು ಇವೆ. ಆದರೆ ಒಂದು ಕಣ್ಣಿಗೆ ಕಾಣುತ್ತದೆ, ಮತ್ತೊಂದು ಕಾಣುವುದಿಲ್ಲ. ಒಂದೇ ಕಾಗದಕ್ಕೆ ಉತ್ತರ, ಆ ಉತ್ತರಕ್ಕೆ ಮರು ಉತ್ತರ ಎಂದು ಬೆಳೆಯುತ್ತ ಹೋಗುವ ಪತ್ರಸರಣಿಯಲ್ಲಿ ಮಾತು ಬೇರೆ ಕಡೆಗೆ ತಿರುಗಿದಾಗ ವಿಷಯದ ಸಾಲನ್ನು ಬದಲಾಯಿಸಿದರೆ ಸಾಕೋ, ಇಲ್ಲವೆ ಹೊಸ ಕಾಗದವನ್ನೇ ತೊಡಗಬೇಕೋ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ತಿಳಿಯಬೇಕಾದರೆ ಮೊದಲು ಆ ಕಾಣದ ಸಾಲನ್ನು ತಿಳಿದುಕೊಳ್ಳಬೇಕು.

ಪ್ರತಿಯೊಂದು ಇ-ಮೇಲ್ ಕಾಗದಕ್ಕೂ ಹೊರಡುವಾಗಲೇ ಬೇರೆ ಯಾವ ಕಾಗದಕ್ಕೂ ಇಲ್ಲದ ಒಂದು ಗುರುತು ಬೀಳುತ್ತದೆ. ನಾವು ಒಂದು ಕಾಗದವನ್ನು ತೆರೆದು ಉತ್ತರದ ಗುಂಡಿಯನ್ನು ಒತ್ತಿದರೆ, ಆ ಹಿಂದಿನ ಕಾಗದದ ಗುರುತು ನಮ್ಮ ಕಾಗದದೊಳಗೆ ತಾನಾಗಿಯೇ ಬಂದು ಸೇರುತ್ತದೆ. ಗುರುತುಗಳನ್ನು ಚಿಕ್ಕದಾಗಿ ಮಾಡಿ ಬರೆದರೆ, ಸರಣಿಯ ಮೂರನೆಯ ಕಾಗದದಲ್ಲಿ ಅದು ಹೀಗಿರುತ್ತದೆ:

```
Message-ID: <c3@example.org>
In-Reply-To: <b2@example.org>
References: <a1@example.org> <b2@example.org>
```

ಮೊದಲ ಸಾಲು ಈ ಕಾಗದದ ಸ್ವಂತ ಗುರುತು. ಎರಡನೆಯದು, ಯಾವುದಕ್ಕೆ ಉತ್ತರ ಬರೆದೆವೋ ಅದರ ಗುರುತು. ಮೂರನೆಯದು ಮೊದಲಿನಿಂದ ಬಂದ ಇಡೀ ವಂಶಾವಳಿ. ಜಿಮೇಲ್‌ನಲ್ಲಿ ಕಾಗದವನ್ನು ತೆರೆದು ಅದರ ಪಟ್ಟಿಯಿಂದ ‘Show original’ ಎಂಬುದನ್ನು ಆರಿಸಿದರೆ ಯಾರು ಬೇಕಾದರೂ ಇದನ್ನು ನೋಡಬಹುದು. ಉತ್ತರಗಳ ವಿಷಯದ ಮೊದಲು ಬರುವ ‘Re:’ ಎಂಬುದನ್ನು ಇಂಗ್ಲಿಷಿನ ‘ರಿಪ್ಲೈ’ ಎಂಬುದರ ಮೊದಲೆರಡು ಅಕ್ಷರಗಳೆಂದು ಅನೇಕರು ಭಾವಿಸುತ್ತಾರೆ. ಇ-ಮೇಲ್‌ನ ರೂಪವನ್ನು ನಿಗದಿಮಾಡುವ 2008ರ ನಿಯಮಪತ್ರವು ಅದನ್ನು ‘ಇನ್ ರೇ’ ಎಂಬ ಲ್ಯಾಟಿನ್ ಮಾತಿನ ಸಂಕ್ಷೇಪವೆಂದು ಹೇಳುತ್ತದೆ. ‘ಆ ವಿಷಯವಾಗಿ’ ಎಂಬುದು ಅದರ ಅರ್ಥ.

ಇಲ್ಲಿಂದ ಒಂದು ತೊಡಕು ಹುಟ್ಟುತ್ತದೆ. ಥಂಡರ್‌ಬರ್ಡ್‌ನಂಥ ತಂತ್ರಾಂಶವು ಕಾಗದಗಳನ್ನು ಒಟ್ಟುಗೂಡಿಸುವಾಗ ಮುಖ್ಯವಾಗಿ ಆ ಕಾಣದ ವಂಶಾವಳಿಯನ್ನೇ ನಂಬುತ್ತದೆ. ಹಳೆಯ ಕಾಗದಕ್ಕೆ ಉತ್ತರದ ಗುಂಡಿಯನ್ನು ಒತ್ತಿ, ಅದರಲ್ಲಿದ್ದುದನ್ನೆಲ್ಲ ಅಳಿಸಿ, ವಿಷಯವನ್ನೂ ಬದಲಾಯಿಸಿ ಬರೆದರೂ ಅದು ಹಳೆಯ ಸರಣಿಯ ಕೆಳಗೇ ಹೋಗಿ ಕುಳಿತುಕೊಳ್ಳುತ್ತದೆ. ಜಿಮೇಲ್ ವಿಷಯದ ಸಾಲನ್ನೂ ನೋಡುತ್ತದೆ. ಅದು ಬದಲಾದ ಕೂಡಲೆ ಹೊಸ ಸರಣಿಯೆಂದು ಬೇರೆಯಿಡುತ್ತದೆ. ‘ಮುಂಬೈ’ ಎಂದಿದ್ದುದನ್ನು ಯಾರಾದರೂ ‘ಮುಂಬಯಿ’ ಎಂದು ತಿದ್ದಿ ಕಳುಹಿಸಿದರೂ ಸರಣಿ ಮುರಿಯುವುದುಂಟು. ಆದುದರಿಂದ ನಾವು ಕಂಡಂತೆಯೇ ಎಲ್ಲರೂ ಕಾಣುವರೆಂದು ನೆಚ್ಚುವಂತಿಲ್ಲ. ನಮ್ಮ ಕೈಯಲ್ಲಿರುವುದು ಇಷ್ಟೆ: ಉತ್ತರದ ಗುಂಡಿಯನ್ನು ಒತ್ತಿದರೆ ಉಲ್ಲೇಖ ಉಳಿಯುತ್ತದೆ, ಹೊಸ ಕಾಗದವನ್ನು ತೊಡಗಿದರೆ ಉಲ್ಲೇಖ ಇರುವುದಿಲ್ಲ. ಎರಡರಲ್ಲಿ ಯಾವುದು ಬೇಕೆಂಬುದನ್ನು ಬರೆಯುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ನಿಶ್ಚಯಿಸುವ ಬಗೆಯನ್ನು ನಮ್ಮ ಅನುಭವದಿಂದಲೇ ಹೇಳುತ್ತೇವೆ. 2023ರ ರಾಜ್ಯೋತ್ಸವಕ್ಕೆ ನಾಟಕವೊಂದನ್ನು ಆಡಿಸಲು ನಾವು ಎಂಟು ಮಂದಿ ಸೇರಿ ಒಂದು ಮಂಡಳಿಯನ್ನು ಮಾಡಿಕೊಂಡಿದ್ದೆವು. ‘ತಾಲೀಮಿನ ವೇಳೆ’ ಎಂಬ ವಿಷಯದಲ್ಲಿ ಮೊದಲ ಕಾಗದ ಹೊರಟಿತು. ಐದನೆಯ ಉತ್ತರದ ಹೊತ್ತಿಗೆ ಶನಿವಾರ ಮಧ್ಯಾಹ್ನ 3 ಗಂಟೆ ಎಂದು ಗೊತ್ತಾಯಿತು. ಇಲ್ಲಿಯವರೆಗೆ ವಿಷಯವೂ ಒಂದೇ, ಓದುವವರೂ ಅವರೇ. ಬದಲಾವಣೆಗೆ ಕಾರಣವೇ ಇರಲಿಲ್ಲ. ಒಂದೇ ವಿಷಯವನ್ನು ಕುರಿತ ಮಾತು ಎಷ್ಟು ಉದ್ದವಾದರೂ ಆ ಉದ್ದವೊಂದರಿಂದಲೇ ಅದನ್ನು ತುಂಡರಿಸುವುದು ಸಲ್ಲದು.

ಆರನೆಯ ಕಾಗದದಲ್ಲಿ ಒಬ್ಬರು, ಆ ಶನಿವಾರ ಸಭಾಂಗಣದಲ್ಲಿ ಪರೀಕ್ಷೆ ನಡೆಯಲಿದೆಯೆಂದೂ ತಾಲೀಮನ್ನು ತಮ್ಮ ಮನೆಯ ಮಹಡಿಯಲ್ಲಿ ನಡೆಸಬಹುದೆಂದೂ ಬರೆದರು. ಎಲ್ಲರೂ ಒಪ್ಪಿದರು, ಆದರೆ ವಿಷಯದ ಸಾಲು ‘ತಾಲೀಮಿನ ವೇಳೆ’ ಎಂದೇ ಉಳಿಯಿತು. ನಮ್ಮಲ್ಲಿ ಒಬ್ಬನು ಪಟ್ಟಿಯಲ್ಲಿ ಆ ವಿಷಯವನ್ನು ಕಂಡು, ‘ವೇಳೆ ಗೊತ್ತಾಗಿದೆಯಲ್ಲ, ಇನ್ನೇನು’ ಎಂದು ತೆರೆಯಲಿಲ್ಲ. ಶನಿವಾರ ಅವನು ಎರಡು ಗಾಡಿ ಬದಲಾಯಿಸಿ ಶಾಲೆಗೆ ಬಂದು, ಪರೀಕ್ಷೆ ನಡೆಯುತ್ತಿದ್ದ ಕೋಣೆಯ ಹೊರಗೆ ಒಂದು ಗಂಟೆ ನಿಂತಿದ್ದನು.

ಇಲ್ಲಿ ಬೇಕಾಗಿದ್ದುದು ಹೊಸ ಕಾಗದವಲ್ಲ. ಸ್ಥಳದ ಪ್ರಶ್ನೆ ವೇಳೆಯ ಪ್ರಶ್ನೆಯಿಂದಲೇ ಹುಟ್ಟಿತು. ಹಿಂದಿನದನ್ನು ಓದದೆ ಇದು ಅರ್ಥವಾಗದು. ಓದಬೇಕಾದವರೂ ಅದೇ ಎಂಟು ಮಂದಿ. ಇಂಥ ಸಂದರ್ಭದಲ್ಲಿ ಉಲ್ಲೇಖವನ್ನು ಉಳಿಸಿಕೊಂಡು ವಿಷಯವನ್ನು ಬದಲಾಯಿಸಬೇಕು. ಜಿಮೇಲ್‌ನಲ್ಲಿ ಉತ್ತರ ಬರೆಯುವಾಗ ಬಾಣದ ಗುರುತನ್ನು ಒತ್ತಿ ‘Edit subject’ ಎಂಬುದನ್ನು ಆರಿಸಿದರೆ ವಿಷಯದ ಸಾಲು ತೆರೆದುಕೊಳ್ಳುತ್ತದೆ. ಅಲ್ಲಿ ‘ತಾಲೀಮಿನ ಸ್ಥಳ ಬದಲು (ಹಿಂದಿನ ವಿಷಯ: ತಾಲೀಮಿನ ವೇಳೆ)’ ಎಂದು ಬರೆಯಬೇಕಾಗಿತ್ತು. ಇಂಗ್ಲಿಷಿನಲ್ಲಿ ಬರೆಯುವವರು ಇದೇ ಜಾಗದಲ್ಲಿ ‘was:’ ಎಂದು ಹಾಕಿ ಹಳೆಯ ವಿಷಯವನ್ನು ಬರೆಯುವ ವಾಡಿಕೆ ಬಹುಕಾಲದಿಂದ ಇದೆ. ಜಿಮೇಲ್ ಓದುವವನಿಗೆ ಇದು ಬೇರೆ ಸರಣಿಯಾಗಿ ಕಂಡರೂ ಆವರಣದೊಳಗಿನ ಮಾತು ಹಳೆಯದರ ದಾರಿಯನ್ನು ತೋರಿಸುತ್ತದೆ. ಅದರ ನಂತರ ಉತ್ತರಿಸುವವರು ಆವರಣವನ್ನು ಬಿಟ್ಟು ಹೊಸ ವಿಷಯವನ್ನಷ್ಟೇ ಉಳಿಸಿಕೊಳ್ಳುವುದು ರೂಢಿ. ಆದರೆ ಹಾಗೆ ಅಳಿಸಿದಾಗ ಜಿಮೇಲ್‌ನಲ್ಲಿ ಸರಣಿ ಇನ್ನೊಮ್ಮೆ ಮುರಿಯುವುದರಿಂದ, ಚಿಕ್ಕ ಮಂಡಳಿಯಲ್ಲಿ ಅದನ್ನು ಹಾಗೆಯೇ ಬಿಡುವುದು ಲೇಸು.

ಹತ್ತನೆಯ ಕಾಗದದಲ್ಲಿ ಬೇರೊಂದು ಬಗೆಯ ತಪ್ಪು ನಡೆಯಿತು. ಶಾಲೆಯ ವಾರ್ಷಿಕ ಸಂಚಿಕೆಗೆ ಲೇಖನಗಳನ್ನು 10ನೆಯ ತಾರೀಖಿನೊಳಗೆ ಕೊಡಬೇಕೆಂಬ ಸೂಚನೆಯನ್ನು, ಎಂಟು ಮಂದಿಯ ವಿಳಾಸಗಳು ಒಂದೆಡೆ ಸಿಕ್ಕವೆಂಬ ಅನುಕೂಲಕ್ಕಾಗಿ, ಒಬ್ಬರು ಇದೇ ಸರಣಿಗೆ ಉತ್ತರವಾಗಿ ಕಳುಹಿಸಿದರು. ಪರದೆ ಎಳೆಯುವ ಕೆಲಸವಷ್ಟೇ ಇದ್ದ ಇಬ್ಬರು, ತಾಲೀಮಿನ ಮಾತು ತಮಗೆ ಬೇಡವೆಂದು ಆ ಸರಣಿಗೆ ಜಿಮೇಲ್‌ನ ‘Mute’ ಎಂಬುದನ್ನು ಹಾಕಿದ್ದರು. ಹಾಗೆ ಮಾಡಿದ ಸರಣಿಗೆ ಗುಂಪಿನಲ್ಲಿ ಬರುವ ಮುಂದಿನ ಉತ್ತರಗಳು ಒಳಬರುವ ಅಂಚೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹುಡುಕಿದರೆ ಮಾತ್ರ ಸಿಗುತ್ತವೆ. ಅವರಿಬ್ಬರ ಲೇಖನಗಳು ಆ ವರ್ಷದ ಸಂಚಿಕೆಯಲ್ಲಿ ಬರಲಿಲ್ಲ. ಸಂಚಿಕೆಯ ಮಾತು ನಾಟಕದಿಂದ ಹುಟ್ಟಿದ್ದಲ್ಲ. ಹಿಂದಿನ ಒಂಬತ್ತು ಕಾಗದಗಳಲ್ಲಿ ಒಂದನ್ನೂ ಓದದವನಿಗೂ ಅದು ಪೂರ್ತಿಯಾಗಿ ತಿಳಿಯುತ್ತದೆ. ಇಂಥದಕ್ಕೆ ವಿಷಯವನ್ನು ಬದಲಾಯಿಸಿದರೂ ಸಾಲದು. ‘Compose’ ಎಂಬುದನ್ನು ಒತ್ತಿ ಹೊಸ ಕಾಗದವನ್ನೇ ಬರೆಯಬೇಕು. ವಿಳಾಸಗಳನ್ನು ಹಳೆಯದರಿಂದ ನಕಲು ಮಾಡಿಕೊಂಡರೆ ದೋಷವಿಲ್ಲ.

ಮೂರನೆಯ ತಪ್ಪನ್ನು ಮಾಡಿದವರು ನಾವೇ. ಸರಣಿಯ ನಡುವೆ ಒಬ್ಬ ಗೆಳೆಯನು, ತನ್ನ ಜೊತೆಗಾರನ ತಂದೆಯವರಿಗೆ ಆ ತಿಂಗಳು ಉಡುಪಿನ ಹಣ ಕೊಡಲು ಅನುಕೂಲವಿಲ್ಲವೆಂದೂ ಅದನ್ನು ಉಳಿದವರು ಹಂಚಿಕೊಳ್ಳೋಣವೆಂದೂ ಒಳ್ಳೆಯ ಮನಸ್ಸಿನಿಂದ ಬರೆದಿದ್ದನು. ಅದು ಎಂಟು ಮಂದಿಯ ಒಳಗಿನ ಮಾತಾಗಿತ್ತು. ಕೆಲವು ದಿನಗಳ ಮೇಲೆ ನಟರ ತಂದೆತಾಯಿಗಳಿಗೆ ಕೊನೆಯ ತಾಲೀಮಿನ ಆಮಂತ್ರಣವನ್ನು ಕಳುಹಿಸಬೇಕಾಗಿತ್ತು. ನಾವು ಸರಣಿಯ ಕೊನೆಯ ಕಾಗದಕ್ಕೆ ಉತ್ತರದ ಗುಂಡಿಯನ್ನು ಒತ್ತಿ, ತಂದೆತಾಯಿಗಳ ವಿಳಾಸಗಳನ್ನು ಸೇರಿಸಿ, ವಿಷಯವನ್ನು ‘ಆಮಂತ್ರಣ’ ಎಂದು ಬದಲಾಯಿಸಿ ಕಳುಹಿಸಿಬಿಟ್ಟೆವು. ಉತ್ತರ ಬರೆಯುವಾಗ ಹಿಂದಿನ ಕಾಗದಗಳ ಒಕ್ಕಣೆ ಕೆಳಗೆ ಸೇರಿಕೊಳ್ಳುತ್ತದೆ. ಜಿಮೇಲ್ ಅದನ್ನು ಮೂರು ಚುಕ್ಕೆಗಳ ಒಂದು ಚಿಕ್ಕ ಗುಂಡಿಯ ಹಿಂದೆ ಮಡಿಸಿಡುತ್ತದೆ. ಬರೆಯುವವರ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ಕಾಗದದೊಡನೆ ಹೋಗುತ್ತದೆ. ಆ ಹುಡುಗನ ತಂದೆಯವರೂ ಅದನ್ನು ಓದಿದರು, ಇತರರ ತಂದೆತಾಯಿಗಳೂ ಓದಿದರು. ಹುಡುಗನು ಮರುದಿನ ತಾಲೀಮಿಗೆ ಬರಲಿಲ್ಲ. ನಾವು ಅವನ ಮನೆಗೆ ಹೋಗಿ ತಂದೆಯವರ ಕ್ಷಮೆಯನ್ನು ಬೇಡಿದೆವು. ಅವರು ಚಹ ಕೊಟ್ಟು, ‘ಹುಡುಗರು ಬೇಕೆಂದು ಮಾಡಿದ್ದಲ್ಲ’ ಎಂದರು. ಆದರೆ ಕಳುಹಿಸಿದ ಕಾಗದವನ್ನು ಅಷ್ಟು ಮನೆಗಳಿಂದ ಹಿಂದಕ್ಕೆ ತರುವ ಉಪಾಯ ನಮ್ಮಲ್ಲಿ ಇರಲಿಲ್ಲ. ಜಿಮೇಲ್ ಕೊಡುವ ‘Undo send’ ಹೆಚ್ಚೆಂದರೆ 30 ಸೆಕೆಂಡುಗಳ ಮಟ್ಟಿಗೆ ಮಾತ್ರ ನಡೆಯುತ್ತದೆ.

ಈ ಮೂರು ಪ್ರಸಂಗಗಳಿಂದ ನಾವು ಮೂರು ಪ್ರಶ್ನೆಗಳನ್ನು ಮಾಡಿಕೊಂಡಿದ್ದೇವೆ. ಕೇಳುವ ಕ್ರಮವೂ ಮುಖ್ಯವಾದುದು. ಮೊದಲನೆಯದು: ಈ ಕಾಗದವನ್ನು ಪಡೆಯುವ ಪ್ರತಿಯೊಬ್ಬರೂ ಕೆಳಗಿರುವ ಹಳೆಯ ಒಕ್ಕಣೆಯನ್ನೆಲ್ಲ ಓದಬಹುದೇ? ಒಬ್ಬರಾದರೂ ಓದಬಾರದೆಂದಾದರೆ ಹೊಸ ಕಾಗದವನ್ನೇ ಬರೆಯಬೇಕು. ಮುಂದಿನ ಪ್ರಶ್ನೆಗಳು ಬೇಡ. ಎರಡನೆಯದು: ಹಿಂದಿನವನ್ನು ಓದದವನಿಗೆ ಇದು ಅರ್ಥವಾಗುತ್ತದೆಯೇ? ಅರ್ಥವಾಗುವುದಾದರೆ ಇದು ಬೇರೆ ಮಾತು; ಆಗಲೂ ಹೊಸ ಕಾಗದವೇ ಸರಿ. ಮೂರನೆಯದು: ಮೂರು ತಿಂಗಳ ಮೇಲೆ ಇದನ್ನು ಹುಡುಕುವವನು ಈಗಿರುವ ವಿಷಯದ ಸಾಲನ್ನು ಕಂಡು ತೆರೆಯುವನೇ? ತೆರೆಯಲಾರನೆಂದಾದರೆ ಉತ್ತರವನ್ನೇ ಬರೆದು ವಿಷಯವನ್ನು ಮಾತ್ರ ಬದಲಾಯಿಸಬೇಕು. ತೆರೆಯುವನೆಂದಾದರೆ ಏನನ್ನೂ ಬದಲಾಯಿಸಬೇಕಾಗಿಲ್ಲ.

ಹೊಸ ಕಾಗದವನ್ನು ತೊಡಗಿದಾಗ ಹಳೆಯ ಸರಣಿಯಲ್ಲಿ ಒಂದು ಸಾಲನ್ನು ಬಿಟ್ಟುಬರುವುದನ್ನು ಮರೆಯಬಾರದು. ‘ಆಮಂತ್ರಣದ ಮಾತನ್ನು ಬೇರೆ ಕಾಗದದಲ್ಲಿ ಬರೆದಿದ್ದೇವೆ, ಉತ್ತರವನ್ನು ಅಲ್ಲಿಯೇ ಕೊಡಿರಿ’ ಎಂದರೆ ಸಾಕು. ಇಲ್ಲವಾದರೆ ಅರ್ಧ ಮಂದಿ ಇಲ್ಲಿ, ಅರ್ಧ ಮಂದಿ ಅಲ್ಲಿ ಉತ್ತರಿಸಿ ಒಂದೇ ಮಾತು ಎರಡು ಕಡತಗಳಲ್ಲಿ ಹರಿದುಹೋಗುತ್ತದೆ. ಹಳೆಯದರಿಂದ ಅವಶ್ಯವಾದುದು ಒಂದೆರಡು ವಾಕ್ಯಗಳಿದ್ದರೆ ಅವನ್ನಷ್ಟೇ ಕೈಯಾರೆ ಬರೆದುಕೊಳ್ಳಬೇಕು.

ಆ ಹುಡುಗನು ನಾಲ್ಕನೆಯ ದಿನ ತಾಲೀಮಿಗೆ ಬಂದನು, ನಾಟಕವೂ ನಡೆಯಿತು. ಈಗ ನಾವು ಉತ್ತರದ ಗುಂಡಿಯನ್ನು ಒತ್ತಿದಾಗಲೆಲ್ಲ, ಬರೆಯುವುದಕ್ಕೆ ಮೊದಲು ಆ ಮೂರು ಚುಕ್ಕೆಗಳನ್ನು ಒತ್ತಿ, ಕೆಳಗೆ ಏನಿದೆಯೆಂಬುದನ್ನು ಓದಿ ನೋಡುತ್ತೇವೆ.